ಕೇಬಲ್ ಬಿಸಿಯಾಗುವುದು ವ್ಯಾಟ್‌ನಿಂದಲೋ, ಆಂಪಿಯರ್‌ನಿಂದಲೋ?

ಗದಗ, ಹೊಲಿಗೆ ಕೆಲಸ ಮಾಡುವವರು: “ಫೋನಿನ ಜೊತೆ ಬಂದ 18 ವ್ಯಾಟ್ ಅಡಾಪ್ಟರ್ ಇದೆ, ಕೇಬಲ್ ಮಾತ್ರ ಹರಿದುಹೋಯಿತು. ಬಸ್ ನಿಲ್ದಾಣದ ಹತ್ತಿರ 80 ರೂಪಾಯಿಗೆ ತಂದ ಹೊಸ ಕೇಬಲ್ ಮುಟ್ಟಿದರೆ ಬಿಸಿ ಹತ್ತುತ್ತದೆ, ಚಾರ್ಜೂ ನಿಧಾನ. ಕೇಬಲ್ ಬದಲಿಸಬೇಕೋ, ಅಡಾಪ್ಟರೋ? ಏನು ನೋಡಿ ಕೊಳ್ಳಬೇಕು?”

ಧಾರವಾಡ, ನಿವೃತ್ತ ಶಿಕ್ಷಕರು: ತಂಗಿ, ದಪ್ಪ ಕೇಬಲ್ ತೆಗೆದುಕೊಳ್ಳಿ, ಅಷ್ಟು ಸಾಕು. ಆದರೆ ಅಡಾಪ್ಟರ್ 18 ವ್ಯಾಟಿನದೇ ಇರಲಿ. 33 ಅಥವಾ 65 ವ್ಯಾಟಿನದನ್ನು ಹಾಕಿದರೆ ಹೆಚ್ಚಿನ ಕರೆಂಟ್ ನುಗ್ಗಿ ಬ್ಯಾಟರಿ ಸುಟ್ಟುಹೋಗುತ್ತದೆ.

ಹುಬ್ಬಳ್ಳಿ, ಮೊಬೈಲ್ ದುರಸ್ತಿ ಮಾಡುವವರು: ಗುರುಗಳು ದಪ್ಪದ ಬಗ್ಗೆ ಹೇಳಿದ್ದು ಸರಿ, ಆದರೆ ನೋಡಬೇಕಾದದ್ದು ಒಳಗಿನ ತಾಮ್ರದ ದಪ್ಪವನ್ನೇ ಹೊರತು ಮೇಲಿನ ಪ್ಲಾಸ್ಟಿಕ್‌ನದ್ದಲ್ಲ. ಹೆಬ್ಬೆರಳಿನಷ್ಟು ದಪ್ಪ ಕಂಡ ಕೇಬಲನ್ನು ಕತ್ತರಿಸಿ ನೋಡಿದಾಗ ಕೂದಲಿನಂಥ ನಾಲ್ಕಾರು ಎಳೆಗಳಷ್ಟೇ ಸಿಕ್ಕಿದ್ದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಇನ್ನು ಅಡಾಪ್ಟರ್ ಕರೆಂಟನ್ನು ನೂಕುವುದಿಲ್ಲ, ಫೋನ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಒಳ್ಳೆಯ ತಯಾರಿಕೆಯ ಹೆಚ್ಚು ವ್ಯಾಟಿನ ಅಡಾಪ್ಟರಿನಿಂದ ಬ್ಯಾಟರಿ ಸುಡುವುದಿಲ್ಲ.

ಕಳೆದ ತಿಂಗಳು ಇಂಥದ್ದೇ ಕೇಬಲ್ ನನ್ನ ಮೇಜಿಗೆ ಬಂದಿತ್ತು, ಉದ್ದ 1 ಮೀಟರ್. 9 ವೋಲ್ಟ್, 2 ಆಂಪಿಯರ್ ಹರಿಯುವಾಗ ಎರಡೂ ತುದಿಗೆ ಮೀಟರ್ ಹಿಡಿದೆ. ಅಡಾಪ್ಟರ್ ಬಳಿ 9.0 ವೋಲ್ಟ್ ಇದ್ದರೆ ಫೋನಿನ ಬಳಿ 8.1 ಬಂತು. ನಡುವೆ ಕಳೆದ 0.9 ವೋಲ್ಟನ್ನು 2 ಆಂಪಿಯರಿನಿಂದ ಗುಣಿಸಿದರೆ 1.8 ವ್ಯಾಟ್ ಆಗುತ್ತದೆ, ಅದೆಲ್ಲ ತಂತಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಅದೇ ಕೇಬಲಿನಲ್ಲಿ 5 ವೋಲ್ಟ್, 2 ಆಂಪಿಯರ್ ಹರಿದರೂ ಕಳೆಯುವುದು ಅದೇ 0.9 ವೋಲ್ಟ್, ಬಿಸಿಯೂ ಅಷ್ಟೇ. ಆದರೆ ಆಗ ಫೋನಿಗೆ ತಲುಪುವುದು 4.1 ವೋಲ್ಟ್ ಮಾತ್ರ, ಅಷ್ಟು ಇಳಿದಾಗ ಫೋನ್ ತಾನಾಗಿಯೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ನಿಮ್ಮ ನಿಧಾನ ಚಾರ್ಜಿಗೆ ಇದೇ ಕಾರಣವಿರಬಹುದು. ತಂತಿಯ ಬಿಸಿಯನ್ನು ನಿರ್ಧರಿಸುವುದು ವ್ಯಾಟ್ ಅಲ್ಲ, ಆಂಪಿಯರ್. ಆಂಪಿಯರ್ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ.

ಕೊಳ್ಳುವಾಗ ಕೇಬಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದನ್ನು ಬೆಳಕಿಗೆ ಹಿಡಿದು ಓದಿರಿ. ಎಡಬ್ಲ್ಯೂಜಿ ಎಂಬ ಅಳತೆ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ, ಒಂದು ಮಾಹಿತಿ ಸಾಗುವ ತಂತಿಗೆ, ಇನ್ನೊಂದು ಕರೆಂಟ್ ಸಾಗುವ ತಂತಿಗೆ. 2ಸಿ ಎಂಬುದರ ಜೊತೆಗಿರುವ ಸಂಖ್ಯೆ ಕರೆಂಟಿನದು. ಈ ಅಳತೆಯಲ್ಲಿ ಸಂಖ್ಯೆ ಇಳಿದಂತೆ ತಂತಿ ದಪ್ಪವಾಗುತ್ತದೆ: 28ಕ್ಕಿಂತ 24ರಲ್ಲಿ ತಾಮ್ರ ಸುಮಾರು ಎರಡೂವರೆ ಪಟ್ಟು ಹೆಚ್ಚು. ಒಂದು ಮೀಟರಿಗೆ 24 ಇದ್ದರೆ ನಿಮಗೆ ಸಾಕು, ಎರಡು ಮೀಟರ್ ಬೇಕಾದರೆ 22 ಅಥವಾ 20 ಹುಡುಕಿರಿ. ಏನೂ ಮುದ್ರಿಸದ ಕೇಬಲನ್ನು ನಾನು ಕೊಳ್ಳುವುದಿಲ್ಲ.

ರಾಣೆಬೆನ್ನೂರು, ಕೃಷಿಕರು: ನನ್ನದೂ ಇದೇ ತೊಂದರೆ. ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಚಾರ್ಜಿಗೆ ಹಾಕಿ ದಾರಿಯ ನಕ್ಷೆ ಹಚ್ಚಿದರೆ ಫೋನಿನ ಹಿಂಬದಿ ಕಾದ ಹಂಚಿನಂತಾಗುತ್ತದೆ. ಕೇಬಲ್ ಬದಲಿಸಿದರೂ ಹಾಗೆಯೇ ಇದೆ.

ಹುಬ್ಬಳ್ಳಿ, ಮೊಬೈಲ್ ದುರಸ್ತಿ ಮಾಡುವವರು: ಯಜಮಾನರೇ, ಅದು ಫೋನಿನ ಬಿಸಿ, ಕೇಬಲಿನದಲ್ಲ. ಬಿಸಿಲು, ಚಾರ್ಜು, ನಕ್ಷೆ ಮೂರೂ ಒಟ್ಟಿಗೆ ಕೂಡಿದಾಗ ಯಾವ ಕೇಬಲೂ ಸಹಾಯ ಮಾಡದು, ಫೋನನ್ನು ನೆರಳಿಗೆ ಇಡಿರಿ. ಅಕ್ಕನವರು ಮಾತ್ರ ಬಿಸಿ ಎಲ್ಲಿದೆ ಎಂದು ಕೈಯಿಟ್ಟು ನೋಡಬೇಕು. ಉದ್ದಕ್ಕೂ ಬಿಸಿಯಿದ್ದರೆ ತಂತಿ ತೆಳು. ಫೋನಿಗೆ ಸಿಕ್ಕಿಸುವ ತುದಿ ಮಾತ್ರ ಸುಡುತ್ತಿದ್ದರೆ ಪಿನ್ ಸಡಿಲ, ಇಲ್ಲವೇ ಫೋನಿನ ರಂಧ್ರದಲ್ಲಿ ಕಸ. ಪಿನ್ ಕಪ್ಪಾಗಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಆ ಕೇಬಲನ್ನು ಮತ್ತೆ ಸಿಕ್ಕಿಸಲೇಬೇಡಿರಿ.

ಹಾವೇರಿ, ಎಲೆಕ್ಟ್ರಿಕಲ್ ಅಂಗಡಿ ನಡೆಸುವವರು: ಮುದ್ರಿಸಿದ ಸಂಖ್ಯೆಯನ್ನೂ ಪೂರ್ತಿ ನಂಬಲಾಗದು. ಕೆಲವು ಕೇಬಲುಗಳಲ್ಲಿರುವುದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅದೇ ದಪ್ಪಕ್ಕೆ ಅದರ ರೋಧ ತಾಮ್ರದ ಒಂದೂವರೆ ಪಟ್ಟು. ನಿಮ್ಮ ಹರಿದ ಕೇಬಲಿನ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿರಿ, ಒಳಗೆ ಬೆಳ್ಳಗಿದ್ದರೆ ಅದು ತಾಮ್ರವಲ್ಲ. ಹೊಸದನ್ನು ಕೆರೆದು ನೋಡಲಾಗುವುದಿಲ್ಲ ಎಂಬುದೇ ತೊಡಕು. ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, ನೋಂದಣಿ ಸಂಖ್ಯೆ ಇರಲಿ. ಅಗ್ಗದವು ಕೇಬಲಿನಂತೆ ಬರೀ ನಿಧಾನವಾಗುವುದಿಲ್ಲ. ಹತ್ತು ವ್ಯಾಟ್ ಕೊಡಲು ಒಳಗೇ ನಾಲ್ಕು ವ್ಯಾಟ್ ಸುಡುವಂಥದ್ದಾದರೆ ಆ ಪುಟ್ಟ ಡಬ್ಬಿಯಿಂದ ಬಿಸಿ ಹೊರಬರಲು ದಾರಿಯೇ ಇರುವುದಿಲ್ಲ.

ಗದಗ, ಹೊಲಿಗೆ ಕೆಲಸ ಮಾಡುವವರು: ಇಂದು 24 ಎಂದು ಬರೆದ ಒಂದು ಮೀಟರ್ ಕೇಬಲ್ ತಂದೆ. ತಂತಿ ಈಗ ತಣ್ಣಗಿದೆ, ಚಾರ್ಜೂ ಬೇಗ ಆಯಿತು. ಆದರೆ ಫೋನಿನ ಕಡೆಯ ತುದಿ ಇನ್ನೂ ಸ್ವಲ್ಪ ಬೆಚ್ಚಗಿದೆ. ಟಾರ್ಚ್ ಹಿಡಿದು ನೋಡಿದರೆ ರಂಧ್ರದಲ್ಲಿ ಬಟ್ಟೆಯ ನೂಲಿನ ಧೂಳು ಮೆತ್ತಿಕೊಂಡಿದೆ. ಅದನ್ನು ಸೂಜಿಯಿಂದ ತೆಗೆಯಬಹುದೇ?

ಹುಬ್ಬಳ್ಳಿ, ಮೊಬೈಲ್ ದುರಸ್ತಿ ಮಾಡುವವರು: ಸೂಜಿ ಬೇಡ ಅಕ್ಕಾ, ಲೋಹ ಪಿನ್ನಿಗೆ ತಗಲಿದರೆ ಕೆಡುತ್ತದೆ. ಫೋನನ್ನು ಆರಿಸಿ, ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ.