ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ, ಫಿಸಿಯೋ ಯಾರಾದ್ರೂ ಇದ್ದೀರಾ?

ಶೈಲಜಾ, ಡೊಂಬಿವಲಿ: ನಮಸ್ಕಾರ್ರೀ ಎಲ್ಲಾರಿಗೂ. ನನಗ 46. ಮನ್ಯಾಗ ಟಿಫಿನ್ ಡಬ್ಬಾ ಮಾಡಿ ಕೊಡ್ತೀನಿ, ಮುಂಜಾನೆ 4:30ಕ್ಕ ಎದ್ದು 10ರ ತನಕ ಗ್ಯಾಸ್ ಮುಂದ ನಿಂತೇ ಇರ್ತೀನಿ. ನಾಲ್ಕು ತಿಂಗಳಾತು ಬಲಗಾಲಿನ ಹಿಮ್ಮಡಿ ನೋವು. ಹಾಸಿಗಿ ಬಿಟ್ಟು ಮೊದಲನೇ ಹೆಜ್ಜಿ ಇಟ್ರ ಮೊಳೆ ತುಳದಂಗ ಆಗ್ತದ, ಗೋಡಿ ಹಿಡ್ಕೊಂಡು ಹೋಗ್ತೀನಿ, ಹತ್ತು ನಿಮಿಷ ಓಡಾಡಿದ್ರ ಕಡಿಮಿ, ಮಧ್ಯಾಹ್ನ ಕೂತು ಎದ್ರ ಮತ್ತ ಅದ ಕಥಿ. ಎಕ್ಸ್‌ರೇದಾಗ ಎಲುಬು ಬೆಳದದ ಅಂದ್ರು. ಆಪರೇಷನ್ ಬೇಕಾಗ್ತದೇನ್ರಿ? ಇನ್ನ ನಾಲ್ಕು ತಿಂಗಳಿಗೆ ಮಗಳ ಮದುವಿ ಅದ, ಅಷ್ಟರಾಗ ಹೋಗ್ತದೋ ಇಲ್ಲೋ?

ಸದಾನಂದ, ಮೀರಾ ರೋಡ್: ನನಗೂ ಇದೇ ಆಗಿತ್ತು ಮಾರಾಯ್ರೆ, ಹೋಟೆಲ್ ಕೌಂಟರ್‌ನಲ್ಲಿ ನಿಂತು ನಿಂತು. ಆ ಬೆಳೆದ ಎಲುಬೇ ಒಳಗಿಂದ ಚುಚ್ಚುವುದು. ನಾನು ಹಿಮ್ಮಡಿಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ, ಎರಡೇ ದಿನದಲ್ಲಿ ಓಡಾಡಿದೆ. ನೀವೂ ಹಾಕಿಸಿ, ಸುಮ್ಮನೆ ಯಾಕೆ ಒದ್ದಾಡುವುದು. ಮತ್ತೆ ಸಂಜೆ ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಪಾದದಡಿ ಉರುಳಿಸಿ, ಹಾಯ್ ಅನ್ನಿಸ್ತದೆ.

ವಿನಯಾ, ಫಿಸಿಯೋ, ಠಾಣೆ: ಶೈಲಜಾ ಅವರೇ, ಕಾಲು ಮುಟ್ಟಿ ನೋಡದೆ ಖಂಡಿತ ಇದೇ ಅಂತ ಹೇಳೋಕಾಗಲ್ಲ, ಅದಕ್ಕೇ ಮೊದಲು ನೀವೇ ಎರಡು ಕೆಲಸ ಮಾಡಿ. ಬಲ ಹಿಮ್ಮಡಿಯ ಅಡಿಗೆ, ಎಡಗಾಲಿನ ಕಡೆ ಇರೋ ಬದಿಯಲ್ಲಿ, ಹಿಮ್ಮಡಿ ಮುಗಿದು ಪಾದದ ಗುಳಿ ಶುರುವಾಗೋ ಜಾಗ ಇದೆಯಲ್ಲ ಅಲ್ಲಿ ಹೆಬ್ಬೆರಳಲ್ಲಿ ಒತ್ತಿ. ಅಲ್ಲೇ ಜೀವ ಹೋದಂಗಾದ್ರೆ ಹೆಚ್ಚು ಕಮ್ಮಿ ಪ್ಲಾಂಟರ್ ಫೇಶಿಯೈಟಿಸ್ಸೇ, ಅಂದ್ರೆ ಪಾದದಡಿಯ ಪಟ್ಟಿ ಹಿಮ್ಮಡಿಗೆ ಅಂಟೋ ಜಾಗದ ನೋವು. ಆಮೇಲೆ ಹಿಮ್ಮಡಿಯನ್ನ ಎರಡೂ ಪಕ್ಕದಿಂದ ನಿಂಬೆಹಣ್ಣು ಹಿಂಡೋ ಹಾಗೆ ಅದುಮಿ. ಅದಕ್ಕೆ ಜೋರು ನೋವು ಬಂದ್ರೆ ಮಾತ್ರ ಎಲುಬಲ್ಲೇ ಸಣ್ಣ ಬಿರುಕು ಇರಬಹುದು, ಆಗ ನಾನು ಮುಂದೆ ಹೇಳೋದು ಯಾವುದೂ ಬೇಡ, ಸೀದಾ ಆರ್ಥೋ ಹತ್ರ ಹೋಗಿ. ರಾತ್ರಿ ಮಲಗಿದಾಗಲೂ ನೋವಿದ್ರೆ, ಪಾದ ಜೋಮು ಹಿಡಿದ್ರೆ, ಅಥವಾ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಿಗ್ಗೆ ಸೊಂಟ ಅರ್ಧ ಗಂಟೆಗಿಂತ ಜಾಸ್ತಿ ಹಿಡ್ಕೊಂಡಿದ್ರೂ ಹಾಗೇ.

ಸದಾನಂದ ಅವರು ಹೇಳಿದ ಆ ಎಲುಬಿನ ವಿಷಯ ಎಲ್ಲರೂ ಹೇಳ್ತಾರೆ, ನನ್ನ ಹತ್ರ ಬರೋರಲ್ಲಿ ಸುಮಾರು ಜನ ಎಕ್ಸ್‌ರೇ ಫಿಲ್ಮ್ ಹಿಡ್ಕೊಂಡು ಅಳುಮುಖ ಮಾಡ್ಕೊಂಡೇ ಬರ್ತಾರೆ. ನೋವೇ ಇಲ್ಲದ ಎಷ್ಟೋ ಹಿಮ್ಮಡಿಗಳಲ್ಲೂ ಆ ಮೂಳೆ ಚೂಪಾಗಿ ಬೆಳೆದಿರುತ್ತೆ, ನೋವು ಪೂರ್ತಿ ಹೋದವರ ಎಕ್ಸ್‌ರೇ ತೆಗೆದ್ರೂ ಅದು ಅಲ್ಲೇ ಇರುತ್ತೆ. ಹಾಗಾಗಿ ಅದನ್ನ ಕೆತ್ತಿಸೋಕೆ ಓಡಬೇಡಿ. ನೋವು ಬರ್ತಿರೋದು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಬಿಲ್ಲಿನ ಹೆದೆ ತರ ಹೋಗೋ ದಪ್ಪ ಪಟ್ಟಿಯಿಂದ. ನಿದ್ದೆಯಲ್ಲಿ ಪಾದ ಕೆಳಮುಖವಾಗಿ ಬಾಗಿರುತ್ತೆ, ಆ ಪಟ್ಟಿ ರಾತ್ರಿಯೆಲ್ಲ ಕುಗ್ಗಿದ ಸ್ಥಿತಿಯಲ್ಲೇ ಬಿಗಿಯಾಗುತ್ತೆ, 4:30ಕ್ಕೆ ನೀವು ಇದ್ದಕ್ಕಿದ್ದ ಹಾಗೆ ಮೈಭಾರ ಪೂರ್ತಿ ಹಾಕಿದ್ರೆ ಅದು ಮೊದಲೇ ಕೆಟ್ಟಿರೋ ಬುಡದಲ್ಲಿ ಎಳೆಯುತ್ತೆ. ನಡೆದಂಗೆ ಸಡಿಲ ಆಗುತ್ತೆ, ಅದಕ್ಕೇ ಹತ್ತು ನಿಮಿಷದ ಲೆಕ್ಕ.

ಅಂದ್ರೆ ಚಿಕಿತ್ಸೆ ಹಾಸಿಗೆ ಮೇಲೇ ಶುರುವಾಗಬೇಕು, ಕಾಲು ನೆಲಕ್ಕೆ ಇಡೋ ಮೊದಲು. ಎದ್ದು ಕೂತು ಬಲಗಾಲನ್ನ ಎಡತೊಡೆ ಮೇಲೆ ಹಾಕಿ, ಐದೂ ಬೆರಳು ಒಟ್ಟಿಗೆ ಹಿಡಿದು ಮೊಣಕಾಲ ಕಡೆಗೆ ಹಿಂದಕ್ಕೆ ಎಳೀರಿ. ಸರಿಯಾಗಿ ಎಳೆದಿದ್ದೀರಾ ಅಂತ ಗೊತ್ತಾಗೋದು ಹೇಗೆ ಅಂದ್ರೆ ಇನ್ನೊಂದು ಕೈಯಲ್ಲಿ ಪಾದದ ಗುಳಿ ಮುಟ್ಟಿದ್ರೆ ತಂತಿ ತರ ಬಿಗಿಯಾಗಿರಬೇಕು. ಹತ್ತು ಎಣಿಸೋವರೆಗೆ ಹಿಡಿದು ಬಿಡಿ, ಹೀಗೆ ಹತ್ತು ಸಲ. ದಿನಕ್ಕೆ ಮೂರು ಹೊತ್ತು, ಅದರಲ್ಲಿ ಒಂದು ಮಧ್ಯಾಹ್ನ ಕೂತು ಏಳೋ ಮೊದಲು. ಜನ ತಪ್ಪು ಮಾಡೋದು ಇಲ್ಲೇ, ಬಾತ್‌ರೂಮಿಗೆ ಹೋಗಿ ಬಂದು, ಟೀ ಕುಡಿದು ಆಮೇಲೆ ಮಾಡ್ತಾರೆ, ಅಷ್ಟೊತ್ತಿಗೆ ಅವತ್ತಿನ ಏಟು ಬಿದ್ದಾಗಿರುತ್ತೆ. ಸದ್ಯಕ್ಕೆ ಇದಷ್ಟೇ ಮಾಡಿ. ಇನ್ನೊಂದು ಕೇಳ್ತೀನಿ, ಅಡುಗೆ ಮಾಡುವಾಗ ಕಾಲಲ್ಲಿ ಏನಿರುತ್ತೆ?

ಪ್ರಕಾಶ, ಪಿಂಪ್ರಿ: ಮೇಡಂ ನನಗೂ ಸೇಮ್ ಪ್ರಾಬ್ಲಂ, ರನ್ನಿಂಗ್ ಶುರು ಮಾಡಿದ ಮೇಲೆ. ಹಿಮ್ಮಡಿ ಹಿಂದೆ ಶೂ ತಾಗೋ ಜಾಗದಲ್ಲಿ ಊದಿದೆ, ವಿಡಿಯೋ ನೋಡಿ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಕೆಳಗೆ ಇಳಿಸೋ ಸ್ಟ್ರೆಚ್ ದಿನಾ ಮಾಡ್ತಿದೀನಿ, ಜಾಸ್ತಿನೇ ಆಗ್ತಿದೆ.

ವಿನಯಾ, ಫಿಸಿಯೋ, ಠಾಣೆ: ಪ್ರಕಾಶ್, ಸೇಮ್ ಅಲ್ಲ. ಅವರದ್ದು ಹಿಮ್ಮಡಿಯ ಅಡಿಗೆ, ನಿಮ್ಮದು ಹಿಂದೆ, ಅದು ಅಕಿಲೀಸ್ ಟೆಂಡನ್, ಅಂದ್ರೆ ಮೀನಖಂಡವನ್ನ ಹಿಮ್ಮಡಿಗೆ ಕಟ್ಟೋ ಗಟ್ಟಿ ಹುರಿ, ಎಲುಬಿಗೆ ಅಂಟೋ ಜಾಗ ಇರಬೇಕು. ಅಲ್ಲಿ ಹಿಮ್ಮಡಿಯನ್ನ ಮೆಟ್ಟಿಲಿಗಿಂತ ಕೆಳಗಿಳಿಸಿದ್ರೆ ಆ ಹುರಿ ಎಲುಬಿಗೇ ಒತ್ತುತ್ತೆ, ಅದಕ್ಕೇ ಜಾಸ್ತಿ ಆಗ್ತಿರೋದು. ಅದನ್ನ ನಿಲ್ಲಿಸಿ ಅಲ್ಲೇ ಯಾರಿಗಾದ್ರೂ ತೋರಿಸಿ, ಇಲ್ಲಿ ಎರಡೂ ಕಲಸುಮೇಲೋಗರ ಆಗೋದು ಬೇಡ.

ಶೈಲಜಾ, ಡೊಂಬಿವಲಿ: ಒತ್ತಿ ನೋಡಿದೆ ಮೇಡಂ, ನೀವು ಹೇಳಿದ ಜಾಗಾನ, ಕಣ್ಣಾಗ ನೀರು ಬಂತು. ಹಿಂಡಿದ್ರ ಏನೂ ಇಲ್ಲ. ರಾತ್ರಿ ಆರಾಮ ಮಲಗ್ತೀನಿ. ಕಾಲಾಗ ಏನೂ ಇರಂಗಿಲ್ರಿ, ಬರಿಗಾಲ, ಕೆಳಗ ಟೈಲ್ಸ್. ಅಡಗಿ ಮನ್ಯಾಗ ಚಪ್ಪಲಿ ಅಂದ್ರ ನಮ್ಮ ಅತ್ತಿಯವರು ಮನಿ ಬಿಟ್ಟು ಹೋಗ್ತೀನಿ ಅಂತಾರ. ಹೊರಗ ಹೋಗಬೇಕಾದ್ರ ಹವಾಯಿ ಚಪ್ಪಲಿ.

ವಿನಯಾ, ಫಿಸಿಯೋ, ಠಾಣೆ: ಹಾಗಾದ್ರೆ ನಿಮ್ಮ ಕಾಯಿಲೆ ಅರ್ಧ ಆ ಟೈಲ್ಸ್ ಮೇಲಿದೆ. ಐದೂವರೆ ಗಂಟೆ ಗಟ್ಟಿ ನೆಲದ ಮೇಲೆ ಬರಿಗಾಲು, ಪಾದದ ಗುಳಿಗೆ ಕೆಳಗಿಂದ ಯಾವ ಆಸರೆಯೂ ಇಲ್ಲ, ನೀವು ಮೂರು ಹೊತ್ತು ಸ್ಟ್ರೆಚ್ ಮಾಡಿದ್ದನ್ನ ಅದು ಬೆಳಿಗ್ಗೆ ಹತ್ತರೊಳಗೇ ಅಳಿಸಿ ಹಾಕುತ್ತೆ. ನನ್ನ ಪೇಶಂಟ್ ಒಬ್ಬರು ಹೊಸ ಜೋಡಿ ತಂದು ಅಂಗಡಿಯಿಂದ ನೇರ ಅಡುಗೆ ಮನೆಗೇ ಇಟ್ಟು, ಹೊಸಿಲು ದಾಟಿಸಲೇ ಇಲ್ಲ, ಮಡಿ ಚಪ್ಪಲಿ ಅಂತ ಮನೆಯವರೇ ಹೆಸರಿಟ್ಟರು. ನಿಮ್ಮತ್ತೆ ಅದಕ್ಕೂ ಒಪ್ಪದಿದ್ರೆ ಗ್ಯಾಸ್ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಚಪ್ಪಲಿಯಷ್ಟು ಬರಲ್ಲ ಆದ್ರೆ ಬರಿ ಟೈಲ್ಸ್‌ಗಿಂತ ಎಷ್ಟೋ ವಾಸಿ.

ತಗೊಳ್ಳುವಾಗ ಮೆತ್ತಗಿದೆಯಾ ಅಂತ ಹೆಬ್ಬೆರಳಲ್ಲಿ ಒತ್ತಿ ನೋಡಿ ತಗೋಬೇಡಿ, ಸ್ಪಂಜಿನ ಹಾಗೆ ಕುಸಿಯೋದು ಎರಡು ತಿಂಗಳಲ್ಲಿ ರೊಟ್ಟಿ ಆಗುತ್ತೆ. ಎರಡೂ ತುದಿ ಹಿಡಿದು ಬಗ್ಗಿಸಿ, ಬೆರಳ ಬುಡದ ಹತ್ರ ಬಗ್ಗಬೇಕು, ನಡುವೆ ಬಗ್ಗಿದ್ರೆ ಬೇಡ. ಗುಳಿಗೆ ಏರು ಇರಬೇಕು, ಹಿಮ್ಮಡಿ ಮುಂದಿನ ಭಾಗಕ್ಕಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರಬೇಕು, ಹಿಂದೆ ಬೆಲ್ಟ್ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಹವಾಯಿ ಜಾರದ ಹಾಗೆ ಬೆರಳುಗಳು ಇಡೀ ದಿನ ಕಚ್ಚಿ ಹಿಡಿದಿರುತ್ತವೆ. ಅಳತೆ ಕೊಟ್ಟು ಮಾಡಿಸೋ ಸಾವಿರಾರು ರೂಪಾಯಿಯ ಇನ್‌ಸೋಲ್ ಸದ್ಯಕ್ಕೆ ಬೇಡ, ಹೆಚ್ಚಿನವರಿಗೆ ಅಂಗಡೀಲಿ ಸಿಗೋ ರೆಡಿ ಇನ್‌ಸೋಲೇ ಅಷ್ಟೇ ಕೆಲಸ ಮಾಡುತ್ತೆ.

ಸದಾನಂದ, ಮೀರಾ ರೋಡ್: ಇಂಜೆಕ್ಷನ್ ಬಗ್ಗೆ ನೀವು ಏನೂ ಹೇಳಲಿಲ್ಲ ಮೇಡಂ?

ವಿನಯಾ, ಫಿಸಿಯೋ, ಠಾಣೆ: ಮೊದಲು ನೀವು ಹೇಳಿ, ಎಷ್ಟು ದಿನ ಆರಾಮಿತ್ತು?

ಸದಾನಂದ, ಮೀರಾ ರೋಡ್: ಒಂದೂವರೆ ತಿಂಗಳು ಭಾರೀ ಆರಾಮ. ಮತ್ತೆ ಬಂತು, ಇನ್ನೊಂದು ಹಾಕಿಸಿದೆ. ಶುಗರ್ ಇದೆ ನನಗೆ, ಆ ವಾರ ಮುನ್ನೂರು ದಾಟಿತ್ತು. ಈಗ ಮೂರನೆಯದಕ್ಕೆ ಡಾಕ್ಟ್ರೇ ಬೇಡ ಅಂದರು.

ವಿನಯಾ, ಫಿಸಿಯೋ, ಠಾಣೆ: ಹೌದು, ಅದರ ಸ್ವಭಾವವೇ ಹಾಗೆ, ಕೆಲವು ವಾರ ಚೆನ್ನಾಗಿ ಕೆಲಸ ಮಾಡುತ್ತೆ, ಆಮೇಲೆ ಹಾಕಿಸದವರಿಗೂ ಹಾಕಿಸಿದವರಿಗೂ ವ್ಯತ್ಯಾಸ ಉಳಿಯಲ್ಲ. ಪದೇ ಪದೇ ಹಾಕಿದ್ರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯಬಹುದು, ಅಪರೂಪಕ್ಕೆ ಆ ಪಟ್ಟಿಯೇ ಹರಿಯುತ್ತೆ. ನೀವು ಹೇಳಿದ ಐಸ್ ಬಾಟಲಿ ಸರಿ, ಹತ್ತು ನಿಮಿಷ, ಟವಲ್ ಸುತ್ತಿ, ಆದ್ರೆ ಶುಗರ್ ಇದ್ದು ಪಾದದಲ್ಲಿ ಸ್ಪರ್ಶ ಕಮ್ಮಿ ಇದ್ರೆ ಅದೂ ಬೇಡ, ಐಸ್‌ಗೆ ಚರ್ಮ ಸುಟ್ಟಿದ್ದೇ ಗೊತ್ತಾಗಲ್ಲ.

ಶೈಲಜಾ ಅವರೇ, ದಿನಗಳ ಲೆಕ್ಕ ಈಗ. ನಾಲ್ಕು ತಿಂಗಳ ಹಳೇ ನೋವು ನಾಲ್ಕು ವಾರಕ್ಕೆ ಹೋಗಲ್ಲ. ಹೆಚ್ಚಿನವರಿಗೆ ಆಪರೇಷನ್ ಇಲ್ಲದೇ ಹೋಗುತ್ತೆ, ಆದ್ರೆ ಆರರಿಂದ ಹನ್ನೆರಡು ತಿಂಗಳು ಅಂತ ಇಟ್ಕೊಳ್ಳಿ. ಒಬ್ಬ ದೋಸೆ ಭಟ್ರು ಬಂದಿದ್ದರು, ಕ್ಯಾಲೆಂಡರ್ ಮೇಲೆ ದಿನಾ ಮೊದಲ ಹೆಜ್ಜೆಗೆ ಹತ್ತರಲ್ಲಿ ಎಷ್ಟು ನೋವು ಅಂತ ಬರೆಸಿದ್ದೆ. ಶುರುವಿಗೆ 8. ಆರು ವಾರಕ್ಕೆ 6, ಮನೆಯವರೆಲ್ಲ ಏನೂ ಆಗ್ತಿಲ್ಲ ಅಂದ್ರು. ಮೂರು ತಿಂಗಳಿಗೆ 4. ಆಮೇಲೆ ಊರ ಜಾತ್ರೆಗೆ ಹೋಗಿ ಎರಡು ದಿನ ಬರಿಗಾಲಲ್ಲಿ ಓಡಾಡಿ 7ಕ್ಕೆ ವಾಪಸ್, ಅದು ಇಳಿಯೋಕೆ ಮೂರು ವಾರ ಹಿಡೀತು. ಎಂಟನೇ ತಿಂಗಳಿಗೆ 1. ನೀವೂ ಬರೀರಿ, ಇವತ್ತನ್ನ ನಿನ್ನೆ ಜೊತೆ ಹೋಲಿಸಬೇಡಿ, ಈ ವಾರವನ್ನ ಹೋದ ತಿಂಗಳ ವಾರದ ಜೊತೆ ಹೋಲಿಸಿ. ಮದುವೆ ಹೊತ್ತಿಗೆ ಸೊನ್ನೆ ಆಗುತ್ತೆ ಅಂತ ನಾನು ಮಾತು ಕೊಡಲ್ಲ, ನಿಂತು ಧಾರೆ ಎರೆಯೋ ಮಟ್ಟಕ್ಕೆ ಬರಬಹುದು. ಮಂಟಪದಲ್ಲಿ ಚಪ್ಪಲಿ ಇರಲ್ಲವಲ್ಲ, ಅವತ್ತು ಬೆಳಿಗ್ಗೆ ಪಾದಕ್ಕೆ ಟೇಪ್ ಹಾಕಿಸ್ಕೊಳ್ಳಿ, ಒಂದು ದಿನದ ಕೆಲಸಕ್ಕೆ ಅದು ಸಾಕು.

ಶೈಲಜಾ, ಡೊಂಬಿವಲಿ (ಮೂರು ವಾರದ ಮೇಲೆ): ಮೇಡಂ 8 ಇದ್ದದ್ದು 7 ಆಗ್ಯದ, ಅಷ್ಟ. ಮ್ಯಾಟ್ ಹಾಕೀನಿ. ಚಪ್ಪಲಿ ತಂದಿಟ್ಟೀನಿ, ಅತ್ತಿ ದಿನಾ ಅದನ್ನ ದಿಟ್ಟಿಸಿ ನೋಡ್ತಾರ, ಮಾತಾಡಂಗಿಲ್ಲ. ನನ್ನ ತಮ್ಮ ಅಂತಾನ ಮದುವಿಗೆ ಎರಡು ವಾರ ಮೊದಲ ಒಂದ ಇಂಜೆಕ್ಷನ್ ಹಾಕಿಸಿಬಿಡು ಅಂತ.

ವಿನಯಾ, ಫಿಸಿಯೋ, ಠಾಣೆ: ಮೂರು ವಾರಕ್ಕೆ 7 ಸರಿಯಾದ ದಾರೀಲೇ ಇದೆ. ಈಗ ಬಲ ಕಟ್ಟೋದು ಸೇರಿಸಿ. ಟವಲ್ ಸುರುಳಿ ಸುತ್ತಿ ಮೆಟ್ಟಿಲ ಮೇಲಿಟ್ಟು ಬೆರಳುಗಳನ್ನ ಅದರ ಮೇಲೆ ಏರಿಸಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ, ಮೂರು ಎಣಿಕೆಗೆ ಮೇಲೆ, ಎರಡು ಎಣಿಕೆ ಅಲ್ಲೇ, ಮೂರಕ್ಕೆ ಕೆಳಗೆ. 12 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಲ್ಲಿ, ಸಲೀಸಾದ ಮೇಲೆ ಬಲಗಾಲೊಂದೇ. ಮಾಡುವಾಗ ಸ್ವಲ್ಪ ನೋವು ಇರುತ್ತೆ, ಇರಲಿ, ಮರುದಿನದ ಮೊದಲ ಹೆಜ್ಜೆ ಜಾಸ್ತಿ ಆದ್ರೆ ಒಂದು ಸುತ್ತು ಕಮ್ಮಿ ಮಾಡಿ.

ಇಂಜೆಕ್ಷನ್, ನಿಮ್ಮ ತಮ್ಮ ಹೇಳಿದ್ದು ಪೂರ್ತಿ ತಪ್ಪು ಅನ್ನೋಕಾಗಲ್ಲ. ಒಂದೇ ಒಂದು, ಇಂಥ ದಿನಕ್ಕೆ ಅಂತ ಹಾಕೋ ಡಾಕ್ಟ್ರುಗಳಿದ್ದಾರೆ. ನನ್ನ ಭಯ ಏನಂದ್ರೆ ನೋವು ಗೊತ್ತಾಗದೆ ನೀವು ಮದುವೆ ಓಡಾಟದಲ್ಲಿ ಹದಿನೈದು ದಿನ ಕಾಲನ್ನ ಕತ್ತೆ ತರ ದುಡಿಸ್ತೀರಿ. ಕ್ಯಾಲೆಂಡರ್ ಮೇಲೆ ಆಗ ಎಷ್ಟಿದೆ ನೋಡಿ ಆರ್ಥೋ ಜೊತೆ ಕೂತು ತೀರ್ಮಾನ ಮಾಡಿ.

ಸದಾನಂದ, ಮೀರಾ ರೋಡ್: ಆ ಮಡಿ ಚಪ್ಪಲಿ ಗಂಡಸರ 9 ನಂಬರ್‌ನಲ್ಲಿ ಎಲ್ಲಿ ಸಿಗ್ತದೆ ಅಂತ ಯಾರಾದರೂ ಹೇಳಿ ಮಾರಾಯ್ರೆ.