ಕೈಬರಹದಲ್ಲಿ ‘ಕೆರೆ’ ಹುಡುಕಿದರೆ ಸಿಗುತ್ತಿಲ್ಲ

ಹೊಲದಬದು: ಪ್ರಬಂಧಕ್ಕಾಗಿ ಊರೂರು ತಿರುಗಿ ರೈತರನ್ನು ಮಾತಾಡಿಸುತ್ತಿದ್ದೇನೆ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಪೆನ್ನಿನಿಂದ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ನೋಟ್ಸ್ ಆ್ಯಪ್‌ನಲ್ಲಿ ‘ಕೆರೆ’ ಅಂತ ಹುಡುಕಿದರೆ ಒಂದೂ ಸಿಗಲ್ಲ. ಅದೇ ಪುಟದಲ್ಲಿ ಬರೆದ tank ತಕ್ಷಣ ಸಿಗುತ್ತೆ. ಯಾಕೆ?

ಮಸಿಕುಡಿಕೆ: ಅಕ್ಷರ ದುಂಡಗಿರಬೇಕು, ಅಷ್ಟೇ. ಇಲ್ಲದಿದ್ದರೆ ಪುಟದ ಪಿಡಿಎಫ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆಯಿರಿ. ಅಕ್ಷರ ತಾನೇ ಬರುತ್ತೆ.

ಗೆರೆಗಣ್ಣು: ಅಚ್ಚಾದ ಕನ್ನಡಕ್ಕೆ ಅದು ಸರಿ ಸರ್. ಕೈಬರಹಕ್ಕೆ ಅರ್ಧಂಬರ್ಧ ಬರುತ್ತೆ. ಇಲ್ಲಿ ತೊಂದರೆ ಬೇರೆಯೇ ಇದ್ದಂತಿದೆ. ಸೆಟ್ಟಿಂಗ್ಸ್‌ನಲ್ಲಿ ಕೈಬರಹದ ಭಾಷೆ ಯಾವುದಿದೆ ನೋಡಿ. ಮೆನು ಕನ್ನಡದಲ್ಲಿದ್ದರೆ ಸಾಲದು, ಅದು ಬೇರೆ, ಇದು ಬೇರೆ. ಇಂಗ್ಲಿಷ್ ಇದ್ದರೆ ಆ್ಯಪ್ ನಿಮ್ಮ ‘ಕೆರೆ’ಯನ್ನೂ ಇಂಗ್ಲಿಷ್ ಅಕ್ಷರ ಅಂತಲೇ ಓದಿ, ಏನೋ ಒಂದು ಪದವಾಗಿ ಇಟ್ಟುಕೊಂಡಿರುತ್ತೆ. ಎಷ್ಟು ದುಂಡಗೆ ಬರೆದರೂ ಸಿಗಲ್ಲ.

ಹೊಲದಬದು: ನೋಡಿದೆ. ಪಟ್ಟಿಯಲ್ಲಿ ಕನ್ನಡವೇ ಇಲ್ಲ!

ಸೇತುವೆಕಟ್ಟು: ನಾನು ಐಪ್ಯಾಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಬರೆಯೋದು. ಟೆಕ್ಸ್ಟ್ ಮಾಡೋಕೆ ಹೋಗಿ ಲೆಕ್ಕ, ಚಿತ್ರ ಎಲ್ಲ ಕೆಟ್ಟುಹೋಯಿತು. ಆ ಉಸಾಬರಿಯೇ ಬೇಡ.

ಗೆರೆಗಣ್ಣು: ನೀವು ಹೇಳುತ್ತಿರುವುದು ಬರಹವನ್ನು ಟೆಕ್ಸ್ಟ್ ಆಗಿ ಬದಲಾಯಿಸುವುದು. ಇವರು ಕೇಳಿದ್ದು ಹುಡುಕಾಟ, ಅದರಲ್ಲಿ ಬರಹ ಹಾಗೇ ಉಳಿಯುತ್ತೆ.
ಹೊಲದಬದು, ಹೀಗೆ ಮಾಡಿ. ಜಿಬೋರ್ಡ್ ಹಾಕಿಕೊಂಡು ಭಾಷೆಗಳಲ್ಲಿ ಕನ್ನಡ ಸೇರಿಸಿ, ವಿನ್ಯಾಸದಲ್ಲಿ ಕೈಬರಹ ಆರಿಸಿ. ನೋಟ್ಸ್ ಪುಟದ ತಲೆಯಲ್ಲಿ ಒಂದು ಟೆಕ್ಸ್ಟ್ ಬಾಕ್ಸ್ ತೆರೆದು, ಕೀಬೋರ್ಡ್ ಜಾಗದಲ್ಲಿ ಪೆನ್ನಿನಿಂದ ಬರೆಯಿರಿ: ‘ಕೆರೆ, ಏರಿ, ತೂಬು’. ಅದು ನಿಜವಾದ ಕನ್ನಡ ಟೆಕ್ಸ್ಟ್ ಆಗುತ್ತೆ, ಆ್ಯಪ್ ಹುಡುಕುತ್ತೆ. ಪುಟವೆಲ್ಲ ಬೇಡ, ನಾಲ್ಕೈದು ಪದ ಸಾಕು.

ಹೊಲದಬದು: ‘ತೂಬು’ ಬಂತು! ಆದರೆ ‘ಧಣಿ’ ಬರೆದರೆ ‘ದಣಿ’ ಆಗುತ್ತಿದೆ. ‘ಹಳ್ಳ’ದಲ್ಲಿ ಒತ್ತು ಬಿಟ್ಟುಹೋಗುತ್ತೆ.

ಗೆರೆಗಣ್ಣು: ದ, ಧ ಎರಡಕ್ಕೂ ನಡುವೆ ಇರೋದು ಕೆಳಗಿನ ಒಂದು ಸಣ್ಣ ಗೀಟು. ಅದನ್ನು ಸ್ವಲ್ಪ ಉದ್ದ ಎಳೆಯಿರಿ. ಒತ್ತನ್ನು ಆ ಅಕ್ಷರ ಬರೆದ ಕೂಡಲೇ ಹಾಕಿ. ಪದವೆಲ್ಲ ಮುಗಿಸಿ ಹಿಂದಕ್ಕೆ ಬಂದು ಹಾಕುತ್ತಿದ್ದೀರಿ, ಅಲ್ವಾ? ಗೆರೆಗಳು ಯಾವ ಕ್ರಮದಲ್ಲಿ ಬಂದವು ಅನ್ನೋದೂ ಓದೋಕೆ ಲೆಕ್ಕಕ್ಕೆ ಬರುತ್ತೆ. ಫೋಟೋದಲ್ಲಿ ಆ ಮಾಹಿತಿಯೇ ಇರಲ್ಲ.

ಮಸಿಕುಡಿಕೆ: ಕ್ರಮದ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಹಳೆಯ ಪುಟಗಳಿಗೆ ನನ್ನ ದಾರಿಯೇ ಸುಲಭ.

ಹೊಲದಬದು: ಹಳೆಯವು 140 ಪುಟ ಇವೆ. ಎಲ್ಲಕ್ಕೂ ತಲೆಪದ ಬರೆಯಲೇಬೇಕಾ?

ಸೇತುವೆಕಟ್ಟು: ಪುಟ ನೋಡುತ್ತಾ ಬಾಯಲ್ಲಿ ಹೇಳಿ ಟೈಪ್ ಮಾಡಿಸಿ, ಬೇಗ ಆಗುತ್ತೆ.

ಗೆರೆಗಣ್ಣು: ರೈತರ ಮಾತನ್ನು ಅವರು ಆಡಿದ ಹಾಗೇ ಬರೆದಿದ್ದರೆ ಅದು ಪುಸ್ತಕದ ಕನ್ನಡಕ್ಕೆ ತಿರುಗಿಬಿಡಬಹುದು. ಮೊದಲು ಹತ್ತು ಪುಟ ಮಾಡಿ ನೋಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ.