ಎಸಿಎಲ್ ಆಪರೇಷನ್ ಆಗಿ ನಾಲ್ಕು ತಿಂಗಳು, ಸ್ಕ್ವಾಟ್ ಯಾವಾಗ?

"ಕಬಡ್ಡಿ ಆಡುವಾಗ ಬಲ ಮಂಡಿಯ ಎಸಿಎಲ್ ರಜ್ಜು ಹರಿದು ಆಪರೇಷನ್ ಆಯ್ತು. ಈಗ ನಾಲ್ಕು ತಿಂಗಳು, ನೋವಿಲ್ಲ. ಫಿಸಿಯೊ ಮಾತ್ರ ಬಾರ್‌ಬೆಲ್ ಬೇಡ ಅಂತಿದ್ದಾರೆ. ಇದೇ ಆಪರೇಷನ್ ಆಗಿ ಜಿಮ್‌ಗೆ ಮರಳಿದವರು ಹೇಗೆ ಶುರು ಮಾಡಿದ್ರಿ?"

ದಾವಣಗೆರೆಯಿಂದ: ನೋವಿಲ್ಲ ಅಂದ್ರೆ ಖಾಲಿ ಬಾರ್‌ನಿಂದ ಶುರು ಮಾಡಿ, ವಾರಕ್ಕೆ ಸ್ವಲ್ಪ ಏರಿಸಿ. ಲೆಗ್ ಎಕ್ಸ್‌ಟೆನ್ಷನ್ ಮೆಷಿನ್ ಮಾತ್ರ ಜನ್ಮದಲ್ಲಿ ಮುಟ್ಟಬೇಡಿ.

ಮೈಸೂರಿನಿಂದ: ನಿಧಾನಕ್ಕೆ ಏರಿಸೋದು ಸರಿ. ಆದರೆ ನೋವಿಲ್ಲ ಅನ್ನೋದನ್ನ ನಂಬಿ ನಾನು ಕೆಟ್ಟೆ. ನನಗೂ ನಾಲ್ಕನೇ ತಿಂಗಳಲ್ಲಿ ಎರಡೂ ಕಾಲಲ್ಲಿ ಲೆಗ್ ಪ್ರೆಸ್ 80 ಕೆಜಿ ಸಲೀಸಾಗಿತ್ತು. ಫಿಸಿಯೊ ಒಂದೊಂದೇ ಕಾಲಲ್ಲಿ ಮಾಡಿಸಿದರು. ಒಳ್ಳೆ ಕಾಲು 50 ಕೆಜಿಯನ್ನ ಎಂಟು ಸಲ ಒತ್ತಿತು, ಆಪರೇಷನ್ ಆದದ್ದು 30ಕ್ಕೇ ನಡುಗಿತು. ಅಂದರೆ ಶೇ 60. ಅಷ್ಟು ದಿನವೂ ಭಾರವನ್ನೆಲ್ಲ ಒಳ್ಳೆ ಕಾಲೇ ಹೊತ್ತಿತ್ತು.

ಅವರಿಟ್ಟ ಷರತ್ತು ಇಷ್ಟೇ: ಮಂಡಿ ಇನ್ನೊಂದರಷ್ಟೇ ನೆಟ್ಟಗಾಗಬೇಕು, ಊತ ಇರಬಾರದು, ಒಂಟಿಕಾಲ ಬಲ ಶೇ 80 ಮುಟ್ಟಬೇಕು. ಆಮೇಲೆ ಬಾರ್‌ಬೆಲ್. ಕಬಡ್ಡಿಗೆ ಶೇ 90, ಅದೂ ಒಂಬತ್ತು ತಿಂಗಳ ಮೊದಲು ಬೇಡವೇ ಬೇಡ ಅಂದರು. ಹೊಸದಾಗಿ ಕೂರಿಸಿದ ರಜ್ಜು ಒಳಗೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು, ಅದು ಇನ್ನೂ ಹಸಿ ಅನ್ನೋದು ನೋವಿನಲ್ಲಿ ಗೊತ್ತಾಗೋಲ್ಲ.

ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಟೈಲರ್ ಟೇಪನ್ನ ಮಂಡಿಚಿಪ್ಪಿನ ನಡುಮಧ್ಯ ಸುತ್ತಿ ಅಳೀತಿದ್ದೆ. ಹಿಂದಿನ ದಿನ ತೂಕ ಏರಿಸಿ, ಅಳತೆ ಒಂದು ಸೆಂಟಿಮೀಟರ್ ಹೆಚ್ಚಾಗಿದ್ದರೆ ಹಳೇ ತೂಕಕ್ಕೆ ವಾಪಸ್. ಎರಡು ಸಲ ಹಾಗಾಯ್ತು, ಎರಡು ಸಲವೂ ನೋವು ಇರಲೇ ಇಲ್ಲ.

ಬ್ಯಾಲೆನ್ಸ್‌ಗೆ ಬರಿಗಾಲಲ್ಲಿ ಒಂಟಿಕಾಲ ಮೇಲೆ 30 ಸೆಕೆಂಡ್, ಆಮೇಲೆ ಮಡಿಚಿದ ಜಮಖಾನದ ಮೇಲೆ. ಬೀಳದೇ ನಿಂತರೆ ಸಾಲದು. ಕನ್ನಡಿಯಲ್ಲಿ ಮಂಡಿ ಹೆಬ್ಬೆರಳಿನ ಕಡೆಗೆ ಒಳಕ್ಕೆ ವಾಲಿದರೆ ಆ ಸಲದ್ದು ಲೆಕ್ಕಕ್ಕಿಲ್ಲ ಅಂತಿದ್ದರು.

ಲೆಗ್ ಎಕ್ಸ್‌ಟೆನ್ಷನ್ ನನಗೆ ಕೊಟ್ಟಿದ್ದರು. ಮೊದಲು ಮಂಡಿ 90 ಡಿಗ್ರಿ ಮಡಿಚಿದಲ್ಲಿಂದ 45ರವರೆಗೆ ಮಾತ್ರ, ಪೂರ್ತಿ ನೆಟ್ಟಗೆ ಮಾಡೋದು ಆಮೇಲೆ. ಅದಿಲ್ಲದೆ ನನ್ನ ತೊಡೆ ತುಂಬ್ತಾನೇ ಇರಲಿಲ್ಲ.

ಬಾಗಲಕೋಟೆಯಿಂದ: ನಮ್ಮವ್ವಗೂ ಮಂಡಿ ಆಪರೇಷನ್ ಆಗೈತ್ರಿ, ಪೂರ್ತಿ ಬದಲಿ ಮಾಡ್ಯಾರ. ನೆಲದ ಮ್ಯಾಲೆ ಕೂಡ್ರಾಕ ಬರತೈತೇನ್ರಿ?

ಮೈಸೂರಿನಿಂದ: ಅದು ಬೇರೇನೇ ಆಪರೇಷನ್ ಸರ್, ಈ ಲೆಕ್ಕ ಅವರಿಗೆ ಹೊಂದೋಲ್ಲ. ಅವರ ಸರ್ಜನ್ನನ್ನೇ ಕೇಳಿ.

ಕೇಳಿದವರು: ಒಂದು ಹೇಳೋದು ಬಿಟ್ಟೆ, ನನಗೆ ಮಂಡಿಯೊಳಗಿನ ಮೆತ್ತೆ, ಮೆನಿಸ್ಕಸ್‌ಗೂ ಹೊಲಿಗೆ ಹಾಕಿದ್ದಾರೆ.

ಮೈಸೂರಿನಿಂದ: ಹಾಗಿದ್ದರೆ ಆಳದ ವಿಷಯದಲ್ಲಿ ನನ್ನ ಅನುಭವ ಬಿಟ್ಟುಬಿಡಿ. ಭಾರ ಹೊತ್ತು ಆಳಕ್ಕೆ ಕೂತರೆ ಹೊಲಿಗೆಯ ಜಾಗ ನುಗ್ಗಾಗುತ್ತೆ. ಎಷ್ಟು ಡಿಗ್ರಿ, ಎಲ್ಲಿಯವರೆಗೆ ಅಂತ ಫಿಸಿಯೊ ಹತ್ತಿರ ಬರೆಸಿಕೊಳ್ಳಿ. ಒಂಟಿಕಾಲ ಲೆಗ್ ಪ್ರೆಸ್ ಅಳೆಸಿದ್ದೀರಾ?

ಕೇಳಿದವರು: ಇಲ್ಲ. ಗುರುವಾರ ಹೋಗ್ತಿದ್ದೀನಿ, ಕೇಳ್ತೀನಿ.